ಜೋಳದ ಹಿಟ್ಟು ಯಾಕೆ ಒಂದಾಗಲ್ಲ, ಯಾಕೆ ಬೇಗ ಕಮಟಾಗುತ್ತೆ: ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯಲ್ಲಿ ಹನ್ನೊಂದು ವರ್ಷದಿಂದ ರೊಟ್ಟಿ ಮಾಡಿ ಕೊಡುವುದೇ ನನ್ನ ಕೆಲಸ. ಬೆಳಿಗ್ಗೆ ಎರಡು ಖಾನಾವಳಿಗೆ, ಸಂಜೆ ಮನೆಗಳಿಗೆ. ಓದಿದ್ದು ಬಿ.ಎಸ್ಸಿ. ರಸಾಯನಶಾಸ್ತ್ರ, ಅನ್ನ ಹಾಕಿದ್ದು ಜೋಳ. ರೊಟ್ಟಿ ಒಯ್ಯಲು ಬಂದವರು ಬಾಗಿಲಲ್ಲೇ ನಿಂತು ಕೇಳಿದ್ದು, ಬೆಂಗಳೂರಿಗೆ ಹೋದ ಹುಡುಗಿಯರು ಫೋನಿನಲ್ಲಿ ಕೇಳಿದ್ದು, ಹೊಸದುರ್ಗದ ಕಡೆಯ ನೆಂಟರು ಮುದ್ದೆ ವಿಷಯಕ್ಕೆ ಜಗಳ ಆಡುತ್ತಾ ಕೇಳಿದ್ದು, ಎಲ್ಲ ಸೇರಿಸಿ ಇಲ್ಲಿ ಬರೆದಿದ್ದೇನೆ. ಪ್ರಶ್ನೆಗಳನ್ನು ಅವರು ಕೇಳಿದ ಹಾಗೇ ಬಿಟ್ಟಿದ್ದೇನೆ. ಇಲ್ಲಿ ಜೋಳ ಅಂದರೆ ಬಿಳಿಜೋಳ. ನಮ್ಮ ಜಿಲ್ಲೆಯ ಹೊಲದ ತುಂಬ ಈಗ ಇರುವ ಮೆಕ್ಕೆಜೋಳದ ಮಾತು ಇದಲ್ಲ.

## ಕಲಸುವಾಗ

ಗೋಧಿ ಹಿಟ್ಟು ತಣ್ಣೀರಿಗೇ ಒಂದಾಗ್ತತಿ, ಜೋಳದ ಹಿಟ್ಟು ಎಷ್ಟು ನಾದಿದ್ರೂ ಉದುರ್ತತಿ. ಯಾಕಕ್ಕಾ?

ಗೋಧಿಯಲ್ಲಿ ಗ್ಲುಟೆನಿನ್, ಗ್ಲಯಾಡಿನ್ ಅಂತ ಎರಡು ಪ್ರೋಟೀನುಗಳಿವೆ. ನೀರು ಬಿದ್ದು ಕೈಯಾಡಿದ ಕೂಡಲೇ ಎರಡೂ ಹೆಣೆದುಕೊಂಡು ರಬ್ಬರಿನಂಥ ಬಲೆ ಆಗುತ್ತವೆ. ಅದೇ ಗ್ಲುಟೆನ್. ಕಣ್ಣಾರೆ ನೋಡಬೇಕಾದರೆ ಚಪಾತಿ ಹಿಟ್ಟಿನ ಒಂದು ಉಂಡೆಯನ್ನು ನಲ್ಲಿ ಕೆಳಗೆ ಹಿಡಿದು ಹಿಸುಕುತ್ತಾ ತೊಳೆಯಿರಿ. ಬಿಳಿ ನೀರೆಲ್ಲ ಹರಿದುಹೋದ ಮೇಲೆ ಕೈಯಲ್ಲಿ ಜಗಿದು ಬಿಟ್ಟ ಚ್ಯೂಯಿಂಗ್ ಗಮ್ಮಿನಂಥದ್ದು ಉಳಿಯುತ್ತದೆ. ಜೋಳದ ಉಂಡೆಯನ್ನು ಹಾಗೇ ತೊಳೆದರೆ ಪೂರ್ತಿ ನೀರಿನ ಜೊತೆ ಹೋಗುತ್ತದೆ, ಕೈ ಖಾಲಿ.

ಜೋಳದಲ್ಲೂ ಪ್ರೋಟೀನ್ ಇಲ್ಲದೇ ಇಲ್ಲ. ಆದರೆ ಅದರಲ್ಲಿ ಹೆಚ್ಚಿನ ಪಾಲು ಕಾಫಿರಿನ್ ಎಂಬುದು. ಅದು ಕಾಳಿನೊಳಗೆ ಸಣ್ಣ ಸಣ್ಣ ಗುಳಿಗೆಗಳ ಹಾಗೆ ಗಟ್ಟಿಯಾಗಿ ಕೂತಿರುತ್ತದೆ, ನೀರನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಗಂಟೆಗಟ್ಟಲೆ ನಾದಿದರೂ ಬಲೆ ಹೆಣೆಯುವುದಿಲ್ಲ. ರಾಗಿಯ ಕತೆಯೂ ಅಷ್ಟೇ.

ಹಾಗಾದರೆ ರೊಟ್ಟಿಯನ್ನು ಹಿಡಿದಿಟ್ಟುಕೊಳ್ಳುವುದು ಯಾವುದು? ಗಂಜಿ. ಕಾಟನ್ ಸೀರೆಗೆ ಹಾಕುತ್ತೀವಲ್ಲ, ಅದೇ ಗಂಜಿ. ಹಿಟ್ಟಿನ ಪಿಷ್ಟದ ಕಣಗಳು ಬಿಸಿನೀರು ಕುಡಿದು ಉಬ್ಬಿ ಅಂಟಾಗುತ್ತವೆ, ಉಳಿದ ಹಿಟ್ಟನ್ನು ಆ ಅಂಟು ಹಿಡಿಯುತ್ತದೆ. ನಾವು ಜಿಗಿ, ಜಿಗುಟು ಅನ್ನುವುದು ಇದನ್ನೇ. ಗೋಧಿಗೆ ಜಿಗುಟು ಬರುವುದು ಕೈಯಿಂದ, ಜೋಳಕ್ಕೆ ಎಸರಿನಿಂದ.

ನಾನೂ ಬಿಸಿನೀರೇ ಹಾಕ್ತೀನಿ, ಆದ್ರೂ ರೊಟ್ಟಿ ಅಂಚು ಸೀಳ್ತತಿ. ತಪ್ಪು ಎಲ್ಲೈತಿ?

ನೂರಕ್ಕೆ ಎಂಬತ್ತು ಸಲ ತಪ್ಪು ಇರುವುದು "ಬಿಸಿ" ಅನ್ನುವ ಮಾತಿನಲ್ಲಿ. ಜೋಳದ ಪಿಷ್ಟ ಉಬ್ಬಿ ಅಂಟಾಗಲು ಸುಮಾರು 68 ರಿಂದ 78 ಡಿಗ್ರಿ ಬೇಕು. ಗೋಧಿಯ ಪಿಷ್ಟ ಅದಕ್ಕಿಂತ ಕೆಳಗೆ, 60ರ ಆಸುಪಾಸಿನಲ್ಲೇ ಉಬ್ಬಲು ಶುರು ಮಾಡುತ್ತದೆ. ಈ ಶಾಖ ಮುಟ್ಟಬೇಕಾದ್ದು ನೀರಲ್ಲ, ನೀರೂ ಹಿಟ್ಟೂ ಸೇರಿದ ಮುದ್ದೆ. ಅಲ್ಲೇ ಲೆಕ್ಕ ತಪ್ಪುವುದು.

ಅರ್ಧ ಕೆ.ಜಿ. ಹಿಟ್ಟು ತಗೊಳ್ಳಿ. ನನ್ನ ಅಳತೆಯಲ್ಲಿ ಅದಕ್ಕೆ ಒಟ್ಟು ಅರ್ಧ ಲೀಟರ್ ನೀರು: 400 ಮಿ.ಲೀ. ಎಸರಿಗೆ, ಉಳಿದ 100 ಮಿ.ಲೀ. ನಾದುವಾಗ ಕೈಗೆ. ದಾವಣಗೆರೆ ಸಮುದ್ರಮಟ್ಟದಿಂದ 600 ಮೀಟರ್ ಮೇಲಿರುವುದರಿಂದ ಇಲ್ಲಿ ನೀರು 98 ಡಿಗ್ರಿಗೇ ಕುದಿಯುತ್ತದೆ. ಮನೆಯ ಹಿಟ್ಟು 30 ಡಿಗ್ರಿ ಅನ್ನೋಣ. ತೂಕಕ್ಕೆ ತೂಕ ಇಟ್ಟು ನೋಡಿದರೆ ಹಿಟ್ಟು ಬಿಸಿಯಾಗಲು ನೀರಿಗೆ ಬೇಕಾದ್ದರ ಅರ್ಧಕ್ಕಿಂತ ಕಡಿಮೆ ಶಾಖ ಸಾಕು. ಹಾಗೆ ಲೆಕ್ಕ ಹಾಕಿದರೆ ಕೊತಕೊತ ಕುದಿಯುವ 400 ಮಿ.ಲೀ. ನೀರು ಅರ್ಧ ಕೆ.ಜಿ. ಹಿಟ್ಟಿಗೆ ಬಿದ್ದಾಗ ಮುದ್ದೆ ಬರುವುದು 74 ಡಿಗ್ರಿಗೆ. ಗೆದ್ದಿರಿ, ಆದರೆ ಕೂದಲೆಳೆಯಲ್ಲಿ. ತಣ್ಣಗಿನ ಸ್ಟೀಲ್ ಪರಾತ ಇನ್ನೊಂದೆರಡು ಡಿಗ್ರಿ ಕದಿಯುತ್ತದೆ.

ಈಗ ಅದೇ ನೀರನ್ನು ಇಳಿಸಿಟ್ಟು, ಯಾರೋ ಬಂದರು ಅಂತ ಮಾತಾಡಿ, ವಾಪಸ್ ಬಂದು ಹಾಕಿದಿರಿ. ನೀರು 85 ಡಿಗ್ರಿಗೆ ಇಳಿದಿದೆ. ಕೈ ಸುಡುತ್ತದೆ, ಹೊಗೆಯೂ ಏಳುತ್ತದೆ. ಆದರೆ ಮುದ್ದೆ 66 ಡಿಗ್ರಿಯಲ್ಲೇ ನಿಂತುಬಿಡುತ್ತದೆ. ಪಿಷ್ಟ ಉಬ್ಬುವುದಿಲ್ಲ, ಅಂಟು ಹುಟ್ಟುವುದಿಲ್ಲ, ಅಂಚು ಸೀಳುತ್ತದೆ. ಗೀಸರ್ ನೀರಿನ ಮಾತಂತೂ ಬೇಡ.

ಇದಕ್ಕೆ ನಮ್ಮ ಅವ್ವ ಮಾಡುತ್ತಿದ್ದದ್ದೇ ಪರಿಹಾರ. ಎಸರನ್ನು ಇಳಿಸದೆ ಪಾತ್ರೆ ಒಲೆಯ ಮೇಲಿರುವಾಗಲೇ ಅರ್ಧದಷ್ಟು ಹಿಟ್ಟನ್ನು ಅದರೊಳಗೆ ಸುರಿದು, ಸಣ್ಣ ಉರಿಯಲ್ಲಿ ಒಂದು ನಿಮಿಷ ಮುಚ್ಚಿಟ್ಟು, ಕೋಲಿನಿಂದ ತಿರುವಿ, ಆಮೇಲೆ ಪರಾತಕ್ಕೆ ಬಗ್ಗಿಸಿ ಉಳಿದ ಹಿಟ್ಟು ಸೇರಿಸುವುದು. ಅರ್ಧ ಹಿಟ್ಟಾದರೂ ಪೂರ್ತಿ ಬೆಂದಿರುತ್ತದೆ, ಆ ಗಂಜಿಯೇ ಉಳಿದದ್ದನ್ನು ಹಿಡಿಯುತ್ತದೆ.

ಎಷ್ಟು ಹೊತ್ತು ನಾದಬೇಕು?

ಕೈ ತಡೆಯುವಷ್ಟು ಬಿಸಿ ಇರುವಾಗ, ಅಂಗೈ ಬುಡದಿಂದ ಒತ್ತಿ ಒತ್ತಿ, ಐದಾರು ನಿಮಿಷ. ಇಲ್ಲಿ ನಾದುವುದು ಬಲೆ ಹೆಣೆಯಲಿಕ್ಕಲ್ಲ, ಆಗಿರುವ ಗಂಜಿಯನ್ನು ಒಣ ಕಣಗಳಿಗೆಲ್ಲ ಹಚ್ಚಲಿಕ್ಕೆ. ಹಾಗಾಗಿ ಚಪಾತಿ ಹಿಟ್ಟಿನ ಥರ ಅರ್ಧ ಗಂಟೆ ನೆನೆಯಲು ಬಿಡುವುದರಿಂದ ಲಾಭ ಇಲ್ಲ. ತಣ್ಣಗಾದಷ್ಟೂ ಗಂಜಿ ಬಿಗಿದುಕೊಂಡು ಅಂಚು ಒಡೆಯುತ್ತದೆ. ನಾನು ಒಂದು ಸಲಕ್ಕೆ ನಾಲ್ಕು ರೊಟ್ಟಿಗಾಗುವಷ್ಟೇ ನಾದುತ್ತೇನೆ, ಉಳಿದದ್ದು ಒದ್ದೆ ಬಟ್ಟೆಯ ಕೆಳಗೆ. ಪರೀಕ್ಷೆ ಸುಲಭ: ನಿಂಬೆಹಣ್ಣಿನ ಗಾತ್ರದ ಉಂಡೆಯನ್ನು ಎರಡು ಬೆರಳಿನಲ್ಲಿ ಚಪ್ಪಟೆ ಮಾಡಿ. ಅಂಚು ನಯವಾಗಿ ದುಂಡಗೆ ಬಂದರೆ ತಟ್ಟಬಹುದು. ಗಡಿಯಾರದ ಮುಳ್ಳಿನ ಹಾಗೆ ಸೀಳು ಬಂದರೆ ಇನ್ನೂ ಬಿಸಿನೀರು ಚಿಮುಕಿಸಿ ನಾದಬೇಕು.

ರೊಟ್ಟಿ ಮೇಲೆ ನೀರು ಸವರೋದು ಯಾಕೆ? ಬಿಟ್ರೆ ಏನಾಗ್ತತಿ?

ತಟ್ಟುವಾಗ ಕೆಳಗೆ ಉದುರಿಸಿದ ಒಣಹಿಟ್ಟು ಹೆಂಚಿಗೆ ಹಾಕುವಾಗ ಮೇಲಕ್ಕೆ ಬರುತ್ತದೆ. ಅದಕ್ಕೆ ನೀರು ಸಿಗದೇ ಹೋದರೆ ಬೇಯುವುದಿಲ್ಲ, ಬಿಳಿ ಪುಡಿಯಾಗಿ ಉಳಿದು ಬಿರುಕು ಬಿಡುತ್ತದೆ. ಒದ್ದೆ ಬಟ್ಟೆ ಸವರಿದರೆ ಆ ಪುಡಿಯೇ ತೆಳು ಗಂಜಿಯ ಪದರ ಆಗುತ್ತದೆ. ತಿರುವಿ ಹಾಕಿದಾಗ ಒಳಗಿನ ಹಬೆಯನ್ನು ಹಿಡಿದು ರೊಟ್ಟಿ ಉಬ್ಬಿಸುವುದು ಆ ಪದರವೇ. ನೀರು ಆರುವ ಹೊತ್ತಿಗೆ ಸರಿಯಾಗಿ ತಿರುವಬೇಕು. ಇದು ಕೈಗೆ ಬರಲು ನನಗೆ ಒಂದು ವರ್ಷ ಹಿಡಿಯಿತು.

ಮುದ್ದೆಯಲ್ಲಿ ಗಂಟು ಆಗದ ಹಾಗೆ ಹೆಂಗೆ ಮಾಡೋದು?

ಗಂಟು ಅಂದರೆ ಒಳಗೆ ಒಣಹಿಟ್ಟು, ಹೊರಗೆ ಗಂಜಿಯ ಕವಚ. ಹಿಟ್ಟು ಕುದಿಯುವ ನೀರಿಗೆ ಬಿದ್ದ ಗಳಿಗೆಯಲ್ಲೇ ಹೊರಗಿನದು ಬೆಂದು ಮುಚ್ಚಿಕೊಳ್ಳುತ್ತದೆ, ಒಳಕ್ಕೆ ನೀರು ಹೋಗಲು ದಾರಿಯೇ ಉಳಿಯುವುದಿಲ್ಲ. ಹಿಟ್ಟು ಸುರಿದ ತಕ್ಷಣ ಗಾಬರಿಯಾಗಿ ಗರಗರ ತಿರುವುವವರಿಗೆ ಗಂಟು ಹೆಚ್ಚು.

ಎರಡು ಲೋಟ ನೀರಿಗೆ ಒಂದು ಲೋಟ ರಾಗಿ ಹಿಟ್ಟು. ನೀರು ಬೆಚ್ಚಗಿರುವಾಗಲೇ ಒಂದು ಚಮಚ ಹಿಟ್ಟನ್ನು ತಣ್ಣೀರಲ್ಲಿ ಕದಡಿ ಸೇರಿಸಿ, ಎಸರು ತೆಳು ಅಂಬಲಿಯ ಹಾಗೆ ಆಗಲಿ. ಚೆನ್ನಾಗಿ ಕುದಿ ಬಂದ ಮೇಲೆ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಹಾಕಿ. ಕೋಲಿನಿಂದ ಗುಡ್ಡೆಗೆ ಒಂದು ತೂತು ಮಾಡಿ ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷ ಕೈ ಕಟ್ಟಿ ಕೂರಿ. ತೂತಿನಿಂದ ಎಸರು ಉಕ್ಕಿ ಗುಡ್ಡೆ ಮೇಲೆಲ್ಲ ಹರಿದು ಹಿಟ್ಟು ಬೇಯುತ್ತದೆ. ಆಮೇಲೆ ಪಾತ್ರೆಯನ್ನು ಕಾಲಲ್ಲೋ ಇಕ್ಕಳದಲ್ಲೋ ಗಟ್ಟಿಯಾಗಿ ಹಿಡಿದು ತೊಳಸಿ. ಒದ್ದೆ ಕೈಯಿಂದ ಮುಟ್ಟಿದರೆ ಅಂಟಬಾರದು. ಅಂಟಿದರೆ ಇನ್ನೆರಡು ನಿಮಿಷ ಮುಚ್ಚಿ ಬೇಯಿಸಿ.

ರಾಗಿ ರೊಟ್ಟಿ ತಣ್ಣೀರಲ್ಲೇ ಕಲಸ್ತಾರಲ್ಲ, ಅದು ಹೆಂಗೆ ನಿಲ್ಲುತ್ತೆ?

ಅದನ್ನು ಎತ್ತುವುದಿಲ್ಲವಲ್ಲ! ಈರುಳ್ಳಿ, ಸೊಪ್ಪು ಹಾಕಿ ಸಡಿಲ ಕಲಸಿ ಎಣ್ಣೆ ಸವರಿದ ತವೆಯ ಮೇಲೇ ತಟ್ಟುತ್ತೀವಿ. ಗಂಜಿ ಆಗುವ ಕೆಲಸ ತವೆ ಮೇಲೇ ನಡೆಯುತ್ತದೆ. ತಟ್ಟಿ ಎತ್ತಿ ಹೆಂಚಿಗೆ ಹಾಕುವ ರೊಟ್ಟಿಗೆ ಮಾತ್ರ ಮೊದಲೇ ಗಂಜಿ ಬೇಕು.

ನಮ್ಮ ಮನೇಲಿ ಒಬ್ಬರಿಗೆ ಗೋಧಿ ಆಗಲ್ಲ ಅಂತ ಡಾಕ್ಟರ್ ಹೇಳಿದಾರೆ. ಗಿರಣಿ ಜೋಳದ ಹಿಟ್ಟು ಕೊಡಬಹುದಾ?

ಜೋಳ, ರಾಗಿ ಎರಡರಲ್ಲೂ ಗ್ಲುಟೆನ್ ಇಲ್ಲ. ತೊಂದರೆ ಇರುವುದು ಗಿರಣಿಯ ಕಲ್ಲಿನಲ್ಲಿ. ನಿಮಗಿಂತ ಮುಂಚೆ ಬೀಸಿದವರ ಗೋಧಿ ಹಿಟ್ಟು ಕಲ್ಲಿನ ಸಂದಿಯಲ್ಲಿ, ಬಟ್ಟೆಯ ಕೊಳವೆಯಲ್ಲಿ ಹಿಡಿಗಟ್ಟಲೆ ಉಳಿದಿರುತ್ತದೆ. ಗ್ಲುಟೆನ್ ಇಲ್ಲದ್ದು ಅಂತ ಮಾರಲು ನಮ್ಮ ದೇಶದ ನಿಯಮದಲ್ಲಿ ಇರುವ ಮಿತಿ ಒಂದು ಕೆ.ಜಿ.ಗೆ 20 ಮಿಲಿಗ್ರಾಂ ಗ್ಲುಟೆನ್. ಗೋಧಿ ಹಿಟ್ಟಿನಲ್ಲಿ ನೂರಕ್ಕೆ ಎಂಟು ಹತ್ತು ಭಾಗ ಗ್ಲುಟೆನ್ ಇರುವುದರಿಂದ ಕಾಲು ಗ್ರಾಂ ಗೋಧಿ ಹಿಟ್ಟು ಬಿದ್ದರೂ ಆ ಮಿತಿ ಮುಟ್ಟುತ್ತದೆ. ಅದು ಎರಡು ಚಿಟಿಕೆಯಷ್ಟೂ ಆಗುವುದಿಲ್ಲ. ಸೀಲಿಯಾಕ್ ಕಾಯಿಲೆ ಇದ್ದವರಿಗೆ ಹಂಚಿಕೊಂಡ ಗಿರಣಿ ಆಗದು. ಮನೆಯಲ್ಲೇ ಜೋಳಕ್ಕೆ ಮಾತ್ರ ಮೀಸಲಿಟ್ಟ ಸಣ್ಣ ಗಿರಣಿಯೋ ಮಿಕ್ಸಿ ಜಾರೋ ಬೇಕು. ತಟ್ಟುವಾಗ ಉದುರಿಸುವ ಹಿಟ್ಟು ಕೂಡ ಜೋಳದ್ದೇ ಇರಲಿ.

## ಇಡುವಾಗ

ಗೋಧಿ ಹಿಟ್ಟು ಎರಡು ತಿಂಗಳಾದ್ರೂ ಏನೂ ಆಗಲ್ಲ, ಜೋಳದ್ದು ಮೂರು ವಾರಕ್ಕೇ ಕಹಿ. ಗಿರಣಿಯವನು ಹಳೇ ಜೋಳ ಬೆರೆಸಿರ್ತಾನಾ?

ಗಿರಣಿಯವರ ಮೇಲೆ ಅನುಮಾನ ಬೇಡ. ಕಾರಣ ಕಾಳಿನಲ್ಲೇ ಇದೆ.

ಒಂದು ಜೋಳದ ಕಾಳು ತಗೊಂಡು ಬುಡದ ಕಡೆ ನೋಡಿ. ಹೊಟ್ಟೆಯ ಮೇಲೆ ಅಂಡಾಕಾರದ, ಸ್ವಲ್ಪ ಬೇರೆ ಬಣ್ಣದ ಒಂದು ಗುರುತು ಕಾಣುತ್ತದೆ. ಅದು ಮೊಳಕೆಯ ಗರ್ಭ. ಕಾಳಿನ ತೂಕದಲ್ಲಿ ಹತ್ತಿರ ಹತ್ತಿರ ಹತ್ತನೇ ಒಂದು ಭಾಗ ಅದೇ. ಗೋಧಿಯಲ್ಲಿ ಅದು ನೂರಕ್ಕೆ ಎರಡು ಮೂರು ಭಾಗ ಮಾತ್ರ. ಕಾಳಿನ ಎಣ್ಣೆಯ ಬಹುಪಾಲು ಇರುವುದು ಈ ಗರ್ಭದಲ್ಲಿ. ಇಡೀ ಗೋಧಿಯಲ್ಲಿ ಎಣ್ಣೆಯ ಅಂಶ ಸುಮಾರು ಒಂದೂವರೆ ಎರಡು ಭಾಗವಾದರೆ ಜೋಳದಲ್ಲಿ ಮೂರರ ತನಕ ಹೋಗುತ್ತದೆ, ಸಜ್ಜೆಯಲ್ಲಿ ಐದು. ಮೈದಾ ಮಾಡುವಾಗ ಗೋಧಿಯ ಗರ್ಭ, ಹೊಟ್ಟು ಎರಡನ್ನೂ ತೆಗೆದುಬಿಡುತ್ತಾರೆ, ಅದಕ್ಕೇ ಮೈದಾ ತಿಂಗಳುಗಟ್ಟಲೆ ಕೂರುತ್ತದೆ. ಜೋಳದ ಗರ್ಭ ಕಾಳಿನೊಳಕ್ಕೆ ಕಚ್ಚಿಕೊಂಡಿರುತ್ತದೆ. ನಮ್ಮ ಗಿರಣಿಯಲ್ಲಿ ಅದನ್ನು ಬಿಡಿಸುವ ಉಪಾಯ ಇಲ್ಲ, ಬಿಡಿಸಬೇಕಾಗಿಯೂ ಇಲ್ಲ, ರುಚಿ ಇರುವುದೇ ಅಲ್ಲಿ.

ಇಡೀ ಕಾಳಿನಲ್ಲಿ ಎಣ್ಣೆ ಒಂದು ಕೋಣೆಯಲ್ಲಿ, ಎಣ್ಣೆಯನ್ನು ಒಡೆಯುವ ಲೈಪೇಸ್ ಎಂಬ ಕಿಣ್ವ ಇನ್ನೊಂದು ಕೋಣೆಯಲ್ಲಿ ಇರುತ್ತದೆ. ಬೀಸಿದಾಗ ಗೋಡೆ ಒಡೆದು ಎರಡೂ ಸೇರುತ್ತವೆ. ಅಲ್ಲಿಂದ ಕೆಡುವುದು ಎರಡು ಹಂತದಲ್ಲಿ. ಮೊದಲು ಲೈಪೇಸ್ ಎಣ್ಣೆಯನ್ನು ಒಡೆದು ಕೊಬ್ಬಿನ ಆಮ್ಲಗಳನ್ನು ಬಿಡಿಸುತ್ತದೆ. ಹಿಟ್ಟು ಒಣಗಿದೆ ಅಂತ ನಮಗನ್ನಿಸಿದರೂ ಅದರಲ್ಲಿರುವ ನೂರಕ್ಕೆ ಹತ್ತು ಹನ್ನೆರಡು ಭಾಗ ತೇವ ಈ ಕೆಲಸಕ್ಕೆ ಸಾಕು. ಈ ಹಂತದಲ್ಲಿ ವಾಸನೆ ಅಷ್ಟಾಗಿ ಗೊತ್ತಾಗದು, ಗಂಟಲಲ್ಲಿ ಒಂದು ಚೂರು ಕಹಿ ಉಳಿಯುತ್ತದೆ. ಆಮೇಲೆ ಬಿಡಿಯಾದ ಆಮ್ಲಗಳ ಮೇಲೆ ಗಾಳಿ ಕೆಲಸ ಮಾಡುತ್ತದೆ. ಜೋಳದ ಎಣ್ಣೆಯಲ್ಲಿ ಅರ್ಧದಷ್ಟು ಲಿನೋಲಿಕ್ ಆಮ್ಲ, ಅದು ಗಾಳಿಗೆ ಬೇಗ ಸೋಲುವಂಥದ್ದು. ಕಮಟು ವಾಸನೆ ಬರುವುದು ಈ ಎರಡನೇ ಹಂತದಲ್ಲಿ.

ಒಂದು ಮಾತು ಗೋಧಿಯ ಬಗ್ಗೆಯೂ ಹೇಳಬೇಕು. ಗಿರಣಿಯಲ್ಲಿ ಹೊಟ್ಟು ಸಮೇತ ಬೀಸಿಸಿದ ಗೋಧಿ ಹಿಟ್ಟೂ ಕೆಡುತ್ತದೆ. ನಿಧಾನವಾಗಿ ಅಷ್ಟೇ.

ಹಂಗಾದ್ರೆ ರಾಗಿ ಹಿಟ್ಟೂ ಬೇಗ ಕೆಡಬೇಕಲ್ಲ? ನಮ್ಮನೇಲಿ ಮೂರು ತಿಂಗಳು ಇಟ್ಟಿದ್ದೀವಿ.

ಸಿರಿಧಾನ್ಯದ ಹಿಟ್ಟೆಲ್ಲ ಬೇಗ ಕೆಡುತ್ತದೆ ಅಂತ ಒಂದೇ ಉಸಿರಿಗೆ ಹೇಳುವವರು ರಾಗಿಯನ್ನು ಮರೆತಿರುತ್ತಾರೆ. ರಾಗಿಯಲ್ಲಿ ಎಣ್ಣೆ ಕಡಿಮೆ, ನೂರಕ್ಕೆ ಒಂದೂವರೆ ಭಾಗದ ಹತ್ತಿರ. ಇರುವ ಎಣ್ಣೆಯಲ್ಲೂ ಹೆಚ್ಚಿನದು ಒಲೀಕ್ ಆಮ್ಲ, ಅದು ಗಾಳಿಗೆ ಲಿನೋಲಿಕ್‌ನಷ್ಟು ಬೇಗ ಬಗ್ಗದು. ಮೇಲಾಗಿ ರಾಗಿಯ ಕೆಂಪು ಸಿಪ್ಪೆಯಲ್ಲಿರುವ ಒಗರು ಪದಾರ್ಥಗಳು ಎಣ್ಣೆ ಕಮಟಾಗುವುದನ್ನು ತಡೆಯುತ್ತವೆ, ಸಿಪ್ಪೆ ಸಮೇತ ಬೀಸುವುದರಿಂದ ಅವೂ ಹಿಟ್ಟಿನಲ್ಲೇ ಇರುತ್ತವೆ.

ದಾವಣಗೆರೆಯ ಬೇಸಿಗೆಗೆ ನಾನು ಇಟ್ಟುಕೊಂಡಿರುವ ಲೆಕ್ಕ ಇದು: ಸಜ್ಜೆ ಹಿಟ್ಟು ಒಂದು ವಾರ, ಜೋಳದ್ದು ಎರಡರಿಂದ ಮೂರು ವಾರ, ಗಿರಣಿ ಗೋಧಿಯದ್ದು ಒಂದೂವರೆ ಎರಡು ತಿಂಗಳು, ರಾಗಿಯದ್ದು ಎರಡು ಮೂರು ತಿಂಗಳು. ಚಳಿಗಾಲದಲ್ಲಿ ಇದಕ್ಕೆ ಅರ್ಧದಷ್ಟು ಸೇರಿಸಿಕೊಳ್ಳಬಹುದು. ಕಾಳಾಗಿದ್ದರೆ ಮಾತೇ ಬೇರೆ. ಹಗೇವಿನಲ್ಲಿ ರಾಗಿಯನ್ನು ವರ್ಷಗಟ್ಟಲೆ ಇಡುತ್ತಿದ್ದ ಊರು ನಮ್ಮವು. ಹಿಟ್ಟನ್ನು ಯಾರೂ ಹಗೇವಿಗೆ ಹಾಕಲಿಲ್ಲ.

ಗಿರಣಿಯಿಂದ ತಂದ ಹಿಟ್ಟನ್ನ ಆರಿಸಲೇಬೇಕಾ? ನೇರ ಡಬ್ಬಿಗೆ ಹಾಕಿದ್ರೆ ಏನು?

ಇದಕ್ಕೆ ನಾನು 30 ಕೆ.ಜಿ. ಹಿಟ್ಟಿನ ಬೆಲೆ ತೆತ್ತು ಉತ್ತರ ಕಲಿತಿದ್ದೇನೆ.

ಒಂದು ಏಪ್ರಿಲ್‌ನಲ್ಲಿ ಮದುವೆ ಮನೆಯೊಂದರಿಂದ 600 ರೊಟ್ಟಿಗೆ ಆರ್ಡರ್ ಬಂತು. ರೊಟ್ಟಿಗೆ 50 ಗ್ರಾಂನಂತೆ 30 ಕೆ.ಜಿ. ಬೀಸಿಸಿದೆ. ಗಿರಣಿಯಲ್ಲಿ ಆವತ್ತು ನೂಕುನುಗ್ಗಲು, ಕಲ್ಲು ಬಿಗಿ ಹಿಡಿದು ಬೀಸಿದರು. ಚೀಲದೊಳಗೆ ಕೈ ಇಟ್ಟರೆ ಹಿಡಿಯಲಾಗದಷ್ಟು ಬಿಸಿ. ಮನೆಗೆ ತಂದವಳೇ ಎತ್ತರದ ಸ್ಟೀಲ್ ಡ್ರಮ್ಮಿಗೆ ಸುರಿದು ಮುಚ್ಚಳ ಬಿಗಿದೆ. ಮದುವೆ ಮನೆಯಲ್ಲಿ ಸೂತಕ ಬಂದು ದಿನ ಮುಂದಕ್ಕೆ ಹೋಯಿತು. ಇಪ್ಪತ್ತು ದಿನದ ಮೇಲೆ ಮುಚ್ಚಳ ತೆಗೆದಾಗ ಹಳೇ ಶೇಂಗಾ ಎಣ್ಣೆಯ ಡಬ್ಬಿ ತೆಗೆದ ಹಾಗೆ ವಾಸನೆ. ಮುಚ್ಚಳದ ಒಳಗಡೆ ನೀರಿನ ಹನಿ ಒಣಗಿದ ಕಲೆಗಳು, ಹಿಟ್ಟಿನ ಮೇಲ್ಪದರ ಹಪ್ಪಳದ ಹಾಗೆ ಕಟ್ಟಿತ್ತು. ಎಲ್ಲಕ್ಕಿಂತ ಕಹಿ ಇದ್ದದ್ದು ಡ್ರಮ್ಮಿನ ನಡುವಿನ ಹಿಟ್ಟು.

ಆದದ್ದು ಇಷ್ಟೆ. ಹಿಟ್ಟು ಶಾಖವನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ದೊಡ್ಡ ಡ್ರಮ್ಮಿನ ನಡುವೆ ಬಿಸಿ ಒಂದೆರಡು ದಿನ ಹಾಗೇ ಕೂತಿರುತ್ತದೆ, ಲೈಪೇಸ್‌ಗೆ ಹಬ್ಬ. ಬಿಸಿ ಹಿಟ್ಟಿನಿಂದ ಎದ್ದ ಹಬೆ ತಣ್ಣನೆ ಮುಚ್ಚಳಕ್ಕೆ ತಗುಲಿ ಹನಿಯಾಗಿ ಮತ್ತೆ ಹಿಟ್ಟಿನ ಮೇಲೇ ಬೀಳುತ್ತದೆ.

ಆಮೇಲೆ ಮೇ ತಿಂಗಳಲ್ಲಿ ಒಂದೇ ಸಲ ಬೀಸಿಸಿದ ಹಿಟ್ಟನ್ನು ಎರಡೆರಡು ಕೆ.ಜಿ.ಯ ಮೂರು ಪಾಲು ಮಾಡಿ ಇಟ್ಟು ನೋಡಿದೆ. ಬಿಸಿಯಾಗಿದ್ದಾಗಲೇ ಮುಚ್ಚಿದ್ದು ಹತ್ತನೇ ದಿನಕ್ಕೆ ಗಂಟಲಲ್ಲಿ ಕಹಿ ತೋರಿತು. ಬಟ್ಟೆ ಮೇಲೆ ತೆಳ್ಳಗೆ ಹರಡಿ ಮೂರು ಗಂಟೆ ಆರಿಸಿ ಡಬ್ಬಿಗೆ ಹಾಕಿದ್ದು ಹತ್ತೊಂಬತ್ತನೇ ದಿನಕ್ಕೆ. ಆರಿಸಿ ಫ್ರಿಜ್ಜಿಗೆ ಇಟ್ಟದ್ದು ನಲವತ್ತು ದಿನವಾದರೂ ಚೆನ್ನಾಗಿತ್ತು, ಅಷ್ಟರಲ್ಲಿ ಮುಗಿದೇ ಹೋಯಿತು. ಒಬ್ಬಳ ಅಡುಗೆಮನೆಯಲ್ಲಿ ಒಂದೇ ಸಲ ನೋಡಿದ್ದು ಇದು, ಆದರೂ ಅಂದಿನಿಂದ ಆರಿಸದೆ ಮುಚ್ಚಿಲ್ಲ. ನೆರಳಲ್ಲಿ, ಫ್ಯಾನ್ ಕೆಳಗೆ, ಎರಡು ಬೆರಳಿಗಿಂತ ದಪ್ಪ ಆಗದ ಹಾಗೆ ಹರಡಿ.

ಹಿಟ್ಟು ಕೆಟ್ಟಿದೆ ಅಂತ ಖಚಿತವಾಗಿ ಹೆಂಗೆ ಗೊತ್ತಾಗೋದು?

ಒಣಹಿಟ್ಟನ್ನು ಮೂಸಿದರೆ ಮೂಗು ಮೋಸ ಹೋಗುತ್ತದೆ. ಒಂದು ಚಮಚ ಹಿಟ್ಟನ್ನು ಲೋಟಕ್ಕೆ ಹಾಕಿ ನಾಲ್ಕು ಚಮಚ ಬಿಸಿನೀರು ಹೊಯ್ದು ತಟ್ಟೆ ಮುಚ್ಚಿ. ಐದು ನಿಮಿಷದ ಮೇಲೆ ತಟ್ಟೆ ಸರಿಸಿದ ಕ್ಷಣದಲ್ಲೇ ಮೂಸಿ. ಒಳ್ಳೆ ಜೋಳ ಬೆಂದ ರೊಟ್ಟಿಯ ಹಾಗೆ ಸಿಹಿಯಾಗಿ ಬರುತ್ತದೆ. ಹಳೆ ಕೊಬ್ಬರಿ ಅಥವಾ ಹಳೆ ಶೇಂಗಾ ನೆನಪಾದರೆ ಅದು ಕಮಟು. ಮಳೆಗಾಲದಲ್ಲಿ ಮುಚ್ಚಿಟ್ಟ ಕಂಬಳಿ ನೆನಪಾದರೆ ಮುಗ್ಗಲು, ಅಂದರೆ ಬೂಸ್ಟು. ಎರಡೂ ಬೇರೆ ಬೇರೆ. ಮುಗ್ಗಲು ಹಿಡಿದದ್ದನ್ನು ದನಕ್ಕೂ ಹಾಕಬೇಡಿ, ಬೂಸ್ಟಿನ ವಿಷ ಬೇಯಿಸಿದರೂ ಹೋಗದು. ವಾಸನೆ ತಿಳಿಯದಿದ್ದರೆ ಚಿಟಿಕೆ ಹಿಟ್ಟು ನಾಲಿಗೆ ಮೇಲಿಟ್ಟು ನುಂಗಿ ಅರ್ಧ ನಿಮಿಷ ಕಾಯಿರಿ. ಕಹಿ ತಡವಾಗಿ, ನಾಲಿಗೆಯ ಹಿಂಭಾಗದಲ್ಲಿ ಬರುತ್ತದೆ.

ಸ್ವಲ್ಪ ಕಮಟು ಬಂದೈತಿ. ಬಿಸಿಲಿಗೆ ಹಾಕಿ ಜರಡಿ ಹಿಡಿದ್ರೆ ಸರಿ ಹೋಗಲ್ವಾ?

ಹೋಗುವುದಿಲ್ಲ. ಜರಡಿ ಹುಳುವಿಗೆ, ಎಣ್ಣೆಗೆ ಅಲ್ಲ. ಬಿಸಿಲು ಎಣ್ಣೆಯನ್ನು ಇನ್ನೂ ಬೇಗ ಕೆಡಿಸುತ್ತದೆ. ಹೊರಗೆ ಹರಡಿದಾಗ ವಾಸನೆಯ ಒಂದಿಷ್ಟು ಅಂಶ ಗಾಳಿಗೆ ಹಾರಿ ಸುಧಾರಿಸಿದ ಹಾಗೆ ಅನ್ನಿಸುತ್ತದೆ, ರೊಟ್ಟಿ ಬೇಯುವಾಗ ಮತ್ತೆ ಹಾಜರ್.

## ಇನ್ನೂ ಸ್ವಲ್ಪ ಒಳಗೆ

ವಾಸನೆ ಇಲ್ಲ, ಕಹಿ ಇಲ್ಲ, ಎಸರೂ ಸರಿಯಾಗೇ ಕುದಿಸಿದೀನಿ. ಆದ್ರೂ ತಿಂಗಳ ಹಿಟ್ಟಿಗೆ ಜಿಗಿನೇ ಇಲ್ಲ. ಯಾಕೆ?

ಈ ಪ್ರಶ್ನೆ ಕೇಳಿದವರು ರೊಟ್ಟಿ ಬಲ್ಲವರು. ಲೈಪೇಸ್ ಬಿಡಿಸಿದ ಕೊಬ್ಬಿನ ಆಮ್ಲಗಳು ವಾಸನೆ ಕೊಡುವುದಕ್ಕೆ ಮುಂಚೆಯೇ ಇನ್ನೊಂದು ಕೆಲಸ ಮಾಡಬಲ್ಲವು. ಪಿಷ್ಟದಲ್ಲಿ ಅಮೈಲೋಸ್ ಎಂಬ ಉದ್ದನೆಯ ಎಳೆಗಳಿವೆ, ಬಿಸಿನೀರಲ್ಲಿ ಅವು ಸುರುಳಿ ಸುತ್ತಿಕೊಳ್ಳುತ್ತವೆ. ಕೊಬ್ಬಿನ ಆಮ್ಲದ ಬಾಲ ಆ ಸುರುಳಿಯೊಳಗೆ ಬೆಣೆಯ ಹಾಗೆ ಹೊಕ್ಕು ಕೂರುತ್ತದೆ. ಬೆಣೆ ಹೊಡೆದ ಪಿಷ್ಟ ಸರಿಯಾಗಿ ಉಬ್ಬದು, ಅಂಟು ಬಿಡದು. ಹೀಗೆ ಕಮಟು ಮತ್ತು ಜಿಗಿ ಎರಡರ ಬೇರೂ ಒಂದೇ ಕಡೆ ಹೋಗಿ ಸೇರುತ್ತದೆ. ರೊಟ್ಟಿ ತಟ್ಟುವವರಿಗೆ ಹಿಟ್ಟು ಹಳೆಯದಾದದ್ದು ಮೂಗಿಗಿಂತ ಮುಂಚೆ ಬೆರಳಿಗೆ ಗೊತ್ತಾಗುವುದು ಇದರಿಂದಲೇ ಅಂತ ನನ್ನ ನಂಬಿಕೆ.

ಅಂಥ ಹಿಟ್ಟನ್ನು ಬಿಸಾಡಬೇಕಾಗಿಲ್ಲ. ಹೊಸ ಹಿಟ್ಟಿಗೆ ಮೂರರಲ್ಲಿ ಒಂದು ಪಾಲು ಬೆರೆಸಿ ತಟ್ಟಿ. ಅಥವಾ ಮಜ್ಜಿಗೆ ಹಾಕಿ ಅಂಬಲಿ ಮಾಡಿ, ಅದಕ್ಕೆ ಜಿಗಿ ಬೇಕಿಲ್ಲ. ಗೋಧಿ ಹಿಟ್ಟು ಬೆರೆಸಿದರೂ ರೊಟ್ಟಿ ನಿಲ್ಲುತ್ತದೆ, ಆದರೆ ಅದು ಜೋಳದ ರೊಟ್ಟಿಯಾಗಿ ಉಳಿಯುವುದಿಲ್ಲ. ಗೋಧಿ ಆಗದವರ ಮನೆಯಲ್ಲಿ ಅದೂ ಆಗದು. ಅಲ್ಲಿ ಅನ್ನ ಬಸಿದ ಗಂಜಿಯನ್ನು ಕುದಿಸಿ ಎಸರಿಗೆ ಬಳಸಿ.

ಫ್ರಿಜ್ಜಲ್ಲಿಟ್ಟ ಹಿಟ್ಟು ಕಹಿ ಆಗಲ್ಲ ನಿಜ, ಆದರೆ ರೊಟ್ಟಿ ಒಡೀತಿದೆ. ಫ್ರಿಜ್ಜಲ್ಲಿ ಜಿಗಿ ಹೋಗುತ್ತಾ?

ಬೆಂಗಳೂರಿನ ಹುಡುಗಿಯೊಬ್ಬಳು ಇದನ್ನು ಕೇಳಿದಾಗ ನನಗೂ ಒಂದು ಗಳಿಗೆ ಉತ್ತರ ಹೊಳೆಯಲಿಲ್ಲ. "ಅಕ್ಕಾ, ನೀವು ಹೇಳಿದ್ದೇ ಅಳತೆ, ಕುದಿಯೋ ನೀರೇ ಹಾಕಿದೆ" ಅಂದಳು. ಹಿಟ್ಟು ತೆಗೆದದ್ದು ಯಾವಾಗ ಅಂತ ಕೇಳಿದೆ. ಎಸರು ಕುದಿಯುವಾಗ ಫ್ರಿಜ್ಜಿನಿಂದ ತೆಗೆದು ನೇರ ಪರಾತಕ್ಕೆ ಸುರಿದಿದ್ದಾಳೆ! ಮೇಲೆ ಹಾಕಿದ ಲೆಕ್ಕದಲ್ಲಿ ಹಿಟ್ಟಿನ 30 ಡಿಗ್ರಿಯ ಜಾಗದಲ್ಲಿ 5 ಇಟ್ಟು ನೋಡಿ: 98 ಡಿಗ್ರಿಯ ನೀರು ಬಿದ್ದರೂ ಮುದ್ದೆ 65ಕ್ಕೇ ನಿಲ್ಲುತ್ತದೆ. ಜಿಗಿ ಎಲ್ಲೂ ಹೋಗಿರಲಿಲ್ಲ, ಹುಟ್ಟಲೇ ಇಲ್ಲ.

ಬೇಕಾದಷ್ಟು ಹಿಟ್ಟನ್ನು ಹಿಂದಿನ ರಾತ್ರಿಯೇ ತೆಗೆದಿಡಿ, ಮುಚ್ಚಿದ ಡಬ್ಬಿಯಲ್ಲೇ. ತಣ್ಣನೆ ಹಿಟ್ಟಿನ ಡಬ್ಬಿಯನ್ನು ತಕ್ಷಣ ತೆರೆದರೆ ಹೊರಗಿನ ಗಾಳಿಯ ತೇವ ಹಿಟ್ಟಿನ ಮೇಲೆ ಕೂರುತ್ತದೆ. ಐದು ಕೆ.ಜಿ.ಯ ಒಂದು ಡಬ್ಬಿಗಿಂತ ಅರ್ಧರ್ಧ ಕೆ.ಜಿ.ಯ ಹತ್ತು ಪೊಟ್ಟಣ ಒಳ್ಳೆಯದು. ದಿನಾ ಒಂದೇ ಡಬ್ಬಿ ಒಳಗೆ ಹೊರಗೆ ಓಡಾಡುವುದು ತಪ್ಪುತ್ತದೆ.

ಜೋಳ ತೊಳೆದು ಬೀಸಿಸಬೇಕಾ, ಹಾಗೇನಾ?

ರಾಗಿಯಲ್ಲಿ ಮಣ್ಣು, ಸಣ್ಣ ಕಲ್ಲು ಇರುವುದರಿಂದ ತೊಳೆಯದೆ ಆಗದು. ಜೋಳವನ್ನು ಕೇರಿ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ನಡೆಯುತ್ತದೆ. ತೊಳೆದರೆ ಬೇಗ ಬಸಿದು ಎರಡು ದಿನ ಪೂರ್ತಿ ಒಣಗಿಸಿ. ಹಲ್ಲಲ್ಲಿ ಕಡಿದಾಗ ಕಟಕ್ ಅನ್ನಬೇಕು, ಮೆತ್ತಗೆ ಒತ್ತಿಕೊಂಡರೆ ಒಳಗೆ ನೀರಿದೆ. ನೀರು ಕುಡಿದ ಕಾಳು ಮೊಳಕೆಗೆ ಎದ್ದು ಕೂರುತ್ತದೆ, ಎಣ್ಣೆ ಒಡೆಯುವ ಕಿಣ್ವ ಹೆಚ್ಚುತ್ತದೆ. ತೆನೆಯಲ್ಲಿದ್ದಾಗಲೇ ಮಳೆಗೆ ಸಿಕ್ಕ ಮುಂಗಾರಿ ಜೋಳದ ಹಿಟ್ಟು ಬೇಗ ಕೆಡುವುದೂ ಹೀಗೇ. ಅಂಥ ಕಾಳಿನ ತುದಿ ಕಪ್ಪಗಾಗಿರುತ್ತದೆ, ಬೆಲೆ ಕಡಿಮೆ ಅಂತ ತರಬೇಡಿ. ಹಿಂಗಾರಿ ಜೋಳ ಒಣ ಹವೆಯಲ್ಲಿ ಮಾಗುವುದರಿಂದ ಈ ಕಾಟ ಕಡಿಮೆ.

ಕಾಳು ಹುರಿದು ಬೀಸಿಸಿದ್ರೆ ಹಿಟ್ಟು ಬಹಳ ದಿನ ಬರುತ್ತಂತೆ, ಹೌದಾ?

ಹೌದು, ಶಾಖಕ್ಕೆ ಲೈಪೇಸ್ ಸಾಯುತ್ತದೆ. ರಾಗಿ ಹುರಿಹಿಟ್ಟು ಮನೆಗಳಲ್ಲಿ ಇಷ್ಟು ದಿನ ಉಳಿಯುವುದಕ್ಕೆ ಅದೂ ಒಂದು ಕಾರಣ. ಮೊಳಕೆ ಬರಿಸಿದ ರಾಗಿಯನ್ನಂತೂ ಹುರಿಯದೆ ಬೀಸಬೇಡಿ, ಮೊಳಕೆಯ ಜೊತೆ ಕಿಣ್ವವೂ ಎದ್ದಿರುತ್ತದೆ. ಆದರೆ ಹುರಿದ ಜೋಳದ ಹಿಟ್ಟಿನಲ್ಲಿ ತಟ್ಟಿದ ರೊಟ್ಟಿ ನನ್ನ ಕೈಯಲ್ಲಿ ಒಂದೂ ನೆಟ್ಟಗೆ ಬಂದಿಲ್ಲ. ಅಂಬಲಿಗೆ, ಉಂಡೆಗೆ ಸರಿ.

ಬಹಳ ದಿನ ಇಡಲೇಬೇಕಾದರೆ ನಾನು ಹಿಟ್ಟಾಗಿ ಇಡುವುದಿಲ್ಲ, ಖಡಕ್ ರೊಟ್ಟಿಯಾಗಿ ಇಡುತ್ತೇನೆ. ತೆಳ್ಳಗೆ ತಟ್ಟಿ ಬೇಯಿಸಿದ ರೊಟ್ಟಿಯನ್ನು ಹೆಂಚಿನ ಅಂಚಿಗೆ ಒರಗಿಸಿ, ಸಣ್ಣ ಶಾಖದಲ್ಲಿ ಮುರಿದರೆ ಪಟ್ ಅನ್ನುವ ತನಕ ಒಣಗಿಸುವುದು. ಬೇಯುವಾಗಲೇ ಲೈಪೇಸ್ ಸತ್ತಿರುತ್ತದೆ, ಒಣಗಿದ್ದರಿಂದ ಬೂಸ್ಟಿಗೂ ಜಾಗ ಇಲ್ಲ. ಗಾಳಿ ತನ್ನ ಕೆಲಸ ನಿಧಾನವಾಗಿ ಮಾಡುತ್ತಲೇ ಇರುತ್ತದೆ, ಹಾಗಾಗಿ ಒಂದೂವರೆ ತಿಂಗಳು ದಾಟಿಸುವುದಿಲ್ಲ. ಆ 30 ಕೆ.ಜಿ. ಹೋದ ಮೇಲೆ ಮದುವೆ ಆರ್ಡರ್‌ಗಳನ್ನು ಹೀಗೇ ಮಾಡಿಡುತ್ತಿದ್ದೇನೆ, ಮದುವೆ ಮುಂದಕ್ಕೆ ಹೋದರೂ ಗಾಬರಿ ಆಗುವುದಿಲ್ಲ.